ಪಿಸಿಆರ್ ನಂಬಬೇಕೇ, ಸ್ಟ್ರೈಕ್‌ವಾರು ಓಪನ್ ಇಂಟರೆಸ್ಟ್ ನೋಡಬೇಕೇ?

ವಿಜಯಪುರದಲ್ಲಿ ಒಣದ್ರಾಕ್ಷಿ ವ್ಯಾಪಾರ ಮಾಡುವ ನನ್ನ ಗೆಳೆಯ ನಿಫ್ಟಿ ಆಪ್ಷನ್‌ಗೆ ಇಳಿದಾಗಿನಿಂದ ಒಂದೇ ಪ್ರಶ್ನೆ ಕೇಳುತ್ತಾನೆ: “ಪಿಸಿಆರ್ ಏರಿದೆಯಲ್ಲ ಅಣ್ಣಾ, ಈಗ ಕೊಳ್ಳಬಹುದೇ?” ಆ ಅಂಕಿಯನ್ನೂ ಸ್ಟ್ರೈಕ್‌ವಾರು ಓಪನ್ ಇಂಟರೆಸ್ಟನ್ನೂ ಅಕ್ಕಪಕ್ಕ ಬರೆದುಕೊಂಡು ಬಂದಿದ್ದೇನೆ. ನನ್ನ ಒಲವು ಎರಡನೆಯದರತ್ತ.

ಓಪನ್ ಇಂಟರೆಸ್ಟ್ ಎಂದರೆ ಇನ್ನೂ ಚುಕ್ತಾ ಆಗದೆ ಉಳಿದಿರುವ ಒಪ್ಪಂದಗಳ ಲೆಕ್ಕ. ಪ್ರತಿ ಒಪ್ಪಂದಕ್ಕೂ ಕೊಂಡವನೊಬ್ಬ, ಮಾರಿದವನೊಬ್ಬ ಇದ್ದೇ ಇರುತ್ತಾರೆ. ಹಾಗಾಗಿ ಅದು ಏರಿದರೆ ಹೊಸ ಒಪ್ಪಂದಗಳು ಹುಟ್ಟಿವೆ ಎಂದಷ್ಟೇ ತಿಳಿಯುತ್ತದೆ. ಆತುರ ಯಾರದು ಎಂಬುದು ತಿಳಿಯುವುದಿಲ್ಲ. ಸ್ಟ್ರೈಕ್ ಎಂಬ ನಿಗದಿತ ಬೆಲೆಗೆ ಮಾರುವ ಹಕ್ಕು ಪುಟ್, ಕೊಳ್ಳುವ ಹಕ್ಕು ಕಾಲ್. ಪುಟ್‌ಗಳ ಒಟ್ಟು ಓಪನ್ ಇಂಟರೆಸ್ಟನ್ನು ಕಾಲ್‌ಗಳದರಿಂದ ಭಾಗಿಸಿದರೆ ಬರುವುದು ಪಿಸಿಆರ್. ಅದು ಏರಿದಾಗ ಪುಟ್ ಕೊಂಡವರನ್ನು ನೆನೆಯುವವರು ಭಯ ಎನ್ನುತ್ತಾರೆ, ಪುಟ್ ಮಾರಿದವರನ್ನು ನೆನೆಯುವವರು ಧೈರ್ಯ ಎನ್ನುತ್ತಾರೆ. ಅಂಕಿ ಇಬ್ಬರಿಗೂ ಒಂದೇ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬೆಳಿಗ್ಗೆ ಪುಟ್ ಮತ್ತು ಕಾಲ್ ಎರಡೂ ತಲಾ 1 ಕೋಟಿ, ಪಿಸಿಆರ್ 1. ಮಧ್ಯಾಹ್ನದೊಳಗೆ 25,000 ಸ್ಟ್ರೈಕ್‌ನ ಪುಟ್ ಒಂದರಲ್ಲೇ 20 ಲಕ್ಷ ಹೆಚ್ಚಾಗಿ ಪಿಸಿಆರ್ 1.2 ಆಯಿತು. ಪಿಸಿಆರ್ ಅಲ್ಲಿಗೆ ಬಾಯಿ ಮುಚ್ಚುತ್ತದೆ. ಸ್ಟ್ರೈಕ್‌ವಾರು ಪಟ್ಟಿಯಾದ ಆಪ್ಷನ್ ಚೈನ್ ತೆರೆದರೆ ಅದೇ ಸಾಲಿನಲ್ಲಿ ಪ್ರೀಮಿಯಂ, ಅಂದರೆ ಆಪ್ಷನ್‌ನ ಬೆಲೆ, ಇದೆ. ನಿಫ್ಟಿ ಇದ್ದಲ್ಲೇ ಇದ್ದು ಆ ಪುಟ್ 110 ರೂಪಾಯಿಯಿಂದ 140ಕ್ಕೆ ಏರಿದ್ದರೆ ಕೊಳ್ಳುವವರು ಮುಗಿಬಿದ್ದಿದ್ದಾರೆ. 80ಕ್ಕೆ ಇಳಿದಿದ್ದರೆ ಮಾರುವವರ ಕೈ ಮೇಲಾಗಿರಬಹುದು. ‘ಇರಬಹುದು’ ಎನ್ನಲು ಕಾರಣವಿದೆ: ಹೊತ್ತು ಕಳೆದಂತೆ ಪ್ರೀಮಿಯಂ ತಾನಾಗಿಯೂ ಕರಗುತ್ತದೆ. ಅದಕ್ಕೇ ಪಕ್ಕದ IV ಕಾಲಮ್ಮನ್ನೂ, ಅಂದರೆ ಪ್ರೀಮಿಯಂನಲ್ಲಿ ಅಡಗಿರುವ ಏರಿಳಿತದ ನಿರೀಕ್ಷೆಯನ್ನೂ, ನೋಡುತ್ತೇನೆ. ಅದೂ ಇಳಿದಿದ್ದರೆ ಮಾರಾಟದ ಒತ್ತಡವೆಂಬ ಊಹೆ ಗಟ್ಟಿಯಾಗುತ್ತದೆ. ನಿಫ್ಟಿಯೇ ಕುಸಿದು ಪುಟ್ ದುಬಾರಿಯಾಗಿದ್ದರೆ ಈ ಓದು ನಡೆಯುವುದಿಲ್ಲ.

ಇಷ್ಟಾದರೂ ಇದು ಮನಸ್ಥಿತಿಯ ಪೂರ್ಣ ಚಿತ್ರವಲ್ಲ. ಕೋಟಿಗಟ್ಟಲೆ ಷೇರು ಇಟ್ಟುಕೊಂಡ ನಿಧಿಯೊಂದು ವಿಮೆಯಂತೆ ಪುಟ್ ಕೊಳ್ಳುತ್ತದೆ. ಮಾರುಕಟ್ಟೆ ಬೀಳಲಿ ಎಂಬ ಬಯಕೆ ಅದಕ್ಕಿಲ್ಲ. ಒಂದು ಸ್ಟ್ರೈಕ್ ಮಾರಿ ಇನ್ನೊಂದನ್ನು ಕೊಂಡವನ ಎರಡು ವಹಿವಾಟುಗಳು ಚೈನ್‌ನಲ್ಲಿ ಬೇರೆ ಬೇರೆ ಕಾಣುತ್ತವೆ, ಒಬ್ಬನದೇ ಎಂದು ಗುರುತಿಸಲು ದಾರಿಯಿಲ್ಲ. ಇನ್ನು ಬರಲಿರುವ ಸುದ್ದಿ ಎರಡರಲ್ಲೂ ಇರುವುದಿಲ್ಲ: ಲೋಕಸಭಾ ಫಲಿತಾಂಶದ ದಿನ, 2024ರ ಜೂನ್ 4ರಂದು, ನಿಫ್ಟಿ ಸುಮಾರು ಶೇ 6ರಷ್ಟು ಬಿತ್ತು. ಅಂಥ ದಿನ ಹಿಂದಿನ ಸಂಜೆ ದೊಡ್ಡ ಪುಟ್ ರಾಶಿ ಕಂಡ ಸ್ಟ್ರೈಕನ್ನು ‘ಬೆಂಬಲ’ ಎಂದು ನಂಬುವುದು ಅಪಾಯ. ಮಾರಿದವರೇ ನಷ್ಟ ತಡೆಯಲು ಹಿಂದಕ್ಕೆ ಕೊಳ್ಳತೊಡಗಿದರೆ ಆ ರಾಶಿ ಗಂಟೆಗಳಲ್ಲಿ ಕರಗುತ್ತದೆ, ಪುಟ್ ಬೆಲೆ ಇನ್ನಷ್ಟು ಜಿಗಿಯುತ್ತದೆ.

ಆಪ್ಷನ್‌ಗಳ ಅವಧಿ ಮುಗಿಯುವ ಎಕ್ಸ್‌ಪೈರಿಯ ದಿನ ಗೆಳೆಯನಿಗೆ ಆ ವಾರದ ಪಿಸಿಆರ್ ಹೇಳುವುದನ್ನು ಬಿಟ್ಟಿದ್ದೇನೆ. ಎಲ್ಲರೂ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ ಅದು ಎತ್ತಲೋ ಹಾರುತ್ತದೆ. ಆ ದಿನ ಮುಂದಿನ ವಾರದ ಚೈನ್ ತೆರೆದು, ಸ್ಟ್ರೈಕ್, ಬದಲಾದ ಓಪನ್ ಇಂಟರೆಸ್ಟ್, ಪ್ರೀಮಿಯಂ, ಈ ಮೂರನ್ನು ಒಂದೇ ಸಾಲಿನಲ್ಲಿ ಓದಿ ಹೇಳುತ್ತೇನೆ.