ಎರಡು ಹನಿಮೂನ್ ಆಫರ್ ಲೆಟರ್: 100 ಕೊಡುವುದೋ, 124 ಕೊಡುವುದೋ?

ಮಾಲ್ದೀವ್ಸ್‌ನ ಒಂದೇ ರೆಸಾರ್ಟ್‌ಗೆ, ಒಂದೇ ತಾರೀಕುಗಳಿಗೆ ಎರಡು ಟ್ರಾವೆಲ್ ಏಜೆನ್ಸಿಗಳು ನಮಗೆ ಆಫರ್ ಲೆಟರ್ ಕಳಿಸಿದ್ದವು. ಎರಡರಲ್ಲೂ 4 ರಾತ್ರಿ, 5 ಹಗಲು. ಎರಡರಲ್ಲೂ ವಿಮಾನದ ಟಿಕೆಟ್ ಸೇರಿರಲಿಲ್ಲ, ಅದನ್ನು ನಾವೇ ಮೊದಲು ಮಾಡಿಸಿದ್ದೆವು. ಮೊದಲ ಪತ್ರದ ಮೊತ್ತ 100 ಎಂದಿಟ್ಟುಕೊಂಡರೆ ಎರಡನೆಯದು 124. ನಾವು 124ರದ್ದನ್ನು ಒಪ್ಪಿ ಹೋಗಿಬಂದೆವು. ಅದೇ ಸೀಸನ್ನಿನಲ್ಲಿ ಮದುವೆಯಾದ ನನ್ನ ಚಿಕ್ಕಪ್ಪನ ಮಗ ತನ್ನ ಹೆಂಡತಿಯ ಜೊತೆ 100ರ ಪತ್ರದಲ್ಲೇ ಅದೇ ದ್ವೀಪಕ್ಕೆ ಹೋದ. ಹಾಗಾಗಿ ಎರಡೂ ಪತ್ರಗಳು ನೆಲಕ್ಕಿಳಿದಾಗ ಹೇಗಿರುತ್ತವೆ ಎಂಬುದು ನಮ್ಮ ಮನೆಯಲ್ಲೇ ಗೊತ್ತಾಯಿತು.

ಮೊದಲ ಪತ್ರ ಒಂದೂವರೆ ಪುಟ. ಮೇಲೆ ಹೆಸರು, ಅಭಿನಂದನೆ, ಫೋಟೊಗಳು. ಆಮೇಲೆ ಸಾಲಾಗಿ: ವಾಟರ್ ವಿಲ್ಲಾ, ಬೆಳಗಿನ ತಿಂಡಿ ಮತ್ತು ರಾತ್ರಿಯೂಟದ ಹಾಫ್ ಬೋರ್ಡ್, ಹೋಗಿಬರುವ ಸೀಪ್ಲೇನ್, ಹನಿಮೂನ್ ಕೇಕ್, ಹಾಸಿಗೆಗೆ ಹೂವಿನ ಅಲಂಕಾರ, ಒಂದು ಕ್ಯಾಂಡಲ್‌ಲೈಟ್ ಡಿನ್ನರ್. ಎಕ್ಸ್‌ಕ್ಲೂಷನ್ ಜಾಗದಲ್ಲಿ ಇದ್ದದ್ದು ‘ಮೇಲೆ ಹೇಳದ ಯಾವುದೂ ಸೇರಿಲ್ಲ’ ಎಂಬ ಒಂದೇ ವಾಕ್ಯ. ಎರಡನೆಯದು ನಾಲ್ಕು ಪುಟ, ಫೋಟೊ ಇಲ್ಲ, ನೋಡಲು ಬಾಡಿಗೆ ಕರಾರುಪತ್ರದ ಹಾಗಿತ್ತು. ಮೂರು ಹೊತ್ತಿನ ಊಟದ ಫುಲ್ ಬೋರ್ಡ್, ತೆರಿಗೆಗಳು ಸೇರಿ, ವಿಮಾನ ನಿಲ್ದಾಣದಿಂದ ರೆಸಾರ್ಟಿಗೆ ಕರೆದೊಯ್ಯುವ ಟ್ರಾನ್ಸ್‌ಫರ್‌ಗೇ ಅರ್ಧ ಪುಟ.

ಎಲ್ಲರೂ ಮೊದಲು ರೂಮಿನ ಸಾಲನ್ನು ಓದುತ್ತಾರೆ. ನಾವು ಟ್ರಾನ್ಸ್‌ಫರ್ ಸಾಲನ್ನು ವಿಮಾನದ ಟಿಕೆಟ್ ಪಕ್ಕದಲ್ಲಿಟ್ಟು ಓದಿದೆವು. ದ್ವೀಪದ ರೆಸಾರ್ಟ್‌ನ ಪತ್ರವನ್ನು ಅಲ್ಲಿಂದಲೇ ಓದಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ, ಏಕೆಂದರೆ ಉಳಿದ ಸಾಲುಗಳೆಲ್ಲ ಅದರ ಮೇಲೆ ನಿಂತಿರುತ್ತವೆ.

ನಮ್ಮ ವಿಮಾನ ವೆಲಾನಾ ನಿಲ್ದಾಣದಲ್ಲಿ ಇಳಿಯುವುದು ಸಂಜೆ 5ಕ್ಕೆ. ಅಲ್ಲಿ ಸೀಪ್ಲೇನ್‌ಗಳು ಹಗಲು ಬೆಳಕಿನಲ್ಲಿ ಮಾತ್ರ ಹಾರುತ್ತವೆ. ನೀರಿನ ಮೇಲೆ ಇಳಿಯಬೇಕಾದ ಪೈಲಟ್‌ಗೆ ಅಲೆ, ದೋಣಿ, ಹವಳದ ದಿಬ್ಬ ಕಣ್ಣಿಗೆ ಕಾಣಬೇಕು. ಹಾಗಾಗಿ ಮಧ್ಯಾಹ್ನ ಸುಮಾರು 3.30ರೊಳಗೆ ಇಳಿದವರಿಗೆ ಮಾತ್ರ ಆ ದಿನವೇ ಸೀಪ್ಲೇನ್ ಸಿಗುತ್ತದೆ ಎಂದು ನೆಚ್ಚಬಹುದು. ಮೊದಲ ಪತ್ರದಲ್ಲಿ ‘ರಿಟರ್ನ್ ಸೀಪ್ಲೇನ್ ಟ್ರಾನ್ಸ್‌ಫರ್ ಸೇರಿದೆ’ ಎಂದಷ್ಟೇ ಇತ್ತು. ಅದು ಸುಳ್ಳಲ್ಲ. ಆದರೆ 5ಕ್ಕೆ ಇಳಿಯುವ ನಮಗೆ ಅದರ ಅರ್ಥ, ಆ ರಾತ್ರಿ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ನಮ್ಮ ಖರ್ಚಿನಲ್ಲಿ ಮಲಗಿ ಬೆಳಿಗ್ಗೆ ಹಾರುವುದು. ಫೋನ್ ಮಾಡಿ ಕೇಳಿದಾಗ ಏಜೆನ್ಸಿಯವರು, ‘ಹೌದು ಸರ್, ಆ ಹೋಟೆಲ್ ಪ್ಯಾಕೇಜಲ್ಲಿ ಬರಲ್ಲ, ರೆಸಾರ್ಟ್ ರಾತ್ರಿಗೆ ರೀಫಂಡೂ ಇಲ್ಲ’ ಎಂದರು. ಕೇಳಿದ್ದಕ್ಕೆ ನೇರವಾಗಿ ಹೇಳಿದರು, ಅದಕ್ಕೆ ಮೆಚ್ಚುಗೆಯಿದೆ. ಪತ್ರದಲ್ಲಿ ಮಾತ್ರ ಅದು ಎಲ್ಲೂ ಇರಲಿಲ್ಲ.

ಇದರಿಂದ ಒಂದು ರಾತ್ರಿ ಹೋಯಿತು ಎಂದಷ್ಟೇ ಲೆಕ್ಕ ಹಾಕಿದರೆ ಸಾಲದು. ಹಾಫ್ ಬೋರ್ಡ್ ಎಂದರೆ ಒಂದು ರಾತ್ರಿಗೆ ಒಂದು ಡಿನ್ನರ್, ಮರುದಿನ ಒಂದು ಬ್ರೇಕ್‌ಫಾಸ್ಟ್. ರಾತ್ರಿ ತಪ್ಪಿದರೆ ಆ ಎರಡೂ ಊಟ ಹೋಗುತ್ತವೆ. ಇನ್ನೂ ಒಂದಿದೆ. ಕೇಕ್, ಹೂವು, ಕ್ಯಾಂಡಲ್‌ಲೈಟ್ ಡಿನ್ನರ್ ಇವು ರೆಸಾರ್ಟ್ ಕೊಡುವ ಸವಲತ್ತು, ಏಜೆನ್ಸಿಯದಲ್ಲ. ಅವಕ್ಕೆ ಷರತ್ತಿರುತ್ತದೆ. ಈ ರೆಸಾರ್ಟಿನಲ್ಲಿ ಕನಿಷ್ಠ 4 ರಾತ್ರಿ ಉಳಿದಿರಬೇಕು, ಮದುವೆಯಾಗಿ 6 ತಿಂಗಳು ಮೀರಿರಬಾರದು, ವಿವಾಹ ಪ್ರಮಾಣಪತ್ರದ ಪ್ರತಿ ಮೊದಲೇ ಕಳಿಸಬೇಕು. ರಾತ್ರಿ ಸುಮ್ಮನೆ ಕಳೆಯುವುದು ಬೇಡ, 3 ರಾತ್ರಿಗೇ ಬುಕ್ ಮಾಡೋಣ ಎಂದುಕೊಂಡರೆ ಹನಿಮೂನ್ ಸವಲತ್ತುಗಳೆಲ್ಲ ಒಟ್ಟಿಗೆ ಉದುರಿಹೋಗುತ್ತವೆ. ಟ್ರಾನ್ಸ್‌ಫರ್‌ನ ಒಂದು ಸಾಲು ವಾಸ, ಊಟ, ಸವಲತ್ತು ಮೂರನ್ನೂ ಎಳೆದುಕೊಂಡು ಬೀಳಿಸುವುದು ಹೀಗೆ.

ಎರಡನೆಯ ಪತ್ರದಲ್ಲಿ ಇದೇ ಜಾಗಕ್ಕೆ ಎರಡು ದಾರಿ ಬರೆದಿದ್ದರು. 3.30ರೊಳಗೆ ಇಳಿದರೆ ಸೀಪ್ಲೇನ್. ಆಮೇಲೆ ಇಳಿದರೆ ದೇಶೀಯ ವಿಮಾನದಲ್ಲಿ ಹತ್ತಿರದ ಹವಳ ದ್ವೀಪಗಳ ಗುಂಪಾದ ಅಟಾಲ್‌ನ ನಿಲ್ದಾಣಕ್ಕೆ, ಅಲ್ಲಿಂದ ಸ್ಪೀಡ್‌ಬೋಟ್. ಎರಡಕ್ಕೂ ದರ ಒಂದೇ. ಸೀಪ್ಲೇನ್‌ಗೆ ಲಗೇಜು ತಲೆಗೆ 20 ಕಿಲೋ, ಕೈಚೀಲ 5 ಕಿಲೋ, ಹೆಚ್ಚಾದರೆ ಅಲ್ಲೇ ಹಣ ಕಟ್ಟಬೇಕು ಎಂದೂ ಇತ್ತು. ನಾವು ಹೋದದ್ದು ದೇಶೀಯ ವಿಮಾನದ ದಾರಿಯಲ್ಲಿ. ಅದರಲ್ಲಿ ಸೀಪ್ಲೇನ್‌ನ ಸೊಗಸಿಲ್ಲ. ಟರ್ಮಿನಲ್ಲಿನಲ್ಲಿ ಒಂದೂವರೆ ಗಂಟೆ ಕಾದು, ಕತ್ತಲಲ್ಲಿ ಬೋಟ್ ಹತ್ತಿ, ಸಮುದ್ರ ಕಾಣದೆ ಬರೀ ಅದರ ಸದ್ದು ಕೇಳುತ್ತ ಹೋದೆವು. ಪತ್ರದಲ್ಲಿ ‘ರೆಸ್ಟೋರೆಂಟ್ 10ಕ್ಕೆ ಮುಚ್ಚುತ್ತದೆ, ತಡವಾಗಿ ಬಂದವರಿಗೆ ರೂಮಿನಲ್ಲೇ ತಣ್ಣನೆಯ ಊಟ ಇಟ್ಟಿರುತ್ತಾರೆ’ ಎಂದಿತ್ತು. ತಲುಪಿದಾಗ ಮೇಜಿನ ಮೇಲೆ ಬಟ್ಟೆ ಮುಚ್ಚಿದ ಎರಡು ತಟ್ಟೆ ಇದ್ದವು. ಆ ಹೊತ್ತಿನ ಹಸಿವಿನಲ್ಲಿ ಆ ಸಾಲು ಬರೆದವರನ್ನು ನೆನೆದುಕೊಂಡೆವು.

ಊಟದ ಸಾಲಿಗೆ ಬಂದರೆ, ಪತ್ರಗಳಲ್ಲಿ ಇಪಿ, ಸಿಪಿ, ಎಂಎಪಿ, ಎಪಿ ಎಂಬ ಅಕ್ಷರಗಳಿರುತ್ತವೆ. ಇಪಿ ಅಂದರೆ ರೂಮು ಮಾತ್ರ, ಸಿಪಿ ಅಂದರೆ ಜೊತೆಗೆ ಬೆಳಗಿನ ತಿಂಡಿ. ಎಂಎಪಿ ಎಂಬುದು ಹಾಫ್ ಬೋರ್ಡ್, ಎಪಿ ಎಂಬುದು ಫುಲ್ ಬೋರ್ಡ್. ಪೇಟೆಯ ಹೋಟೆಲಿನಲ್ಲಾದರೆ ನಾನು ಸಿಪಿ ಸಾಕು ಎನ್ನುತ್ತೇನೆ, ಹೊರಗೆ ಕಾಲಿಟ್ಟರೆ ಊಟ ಸಿಗುತ್ತದೆ. ಆದರೆ ಮಾಲ್ದೀವ್ಸ್‌ನಲ್ಲಿ ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್ ಎಂಬುದೇ ಸಾಮಾನ್ಯ ಕ್ರಮ. ಹೊರಗೆ ಎಂಬುದೇ ಇಲ್ಲ. ಪ್ಯಾಕೇಜಿನಲ್ಲಿ ಸೇರದ ಮಧ್ಯಾಹ್ನದ ಊಟವನ್ನು ಅವರ ಮೆನುವಿನ ದರಕ್ಕೇ ಕೊಳ್ಳಬೇಕು. ಆ ಮೆನುವಿನಲ್ಲಿ ದರದ ಮುಂದೆ ಎರಡು ಪ್ಲಸ್ ಗುರುತು ಇರುತ್ತವೆ. ಒಂದು ಶೇ. 10ರ ಸೇವಾಶುಲ್ಕಕ್ಕೆ, ಇನ್ನೊಂದು ಅಲ್ಲಿನ ಪ್ರವಾಸೋದ್ಯಮ ಜಿಎಸ್‌ಟಿಗೆ, ಅದು 2025ರ ಜುಲೈನಿಂದ ಶೇ. 17. ಸೇವಾಶುಲ್ಕ ಸೇರಿದ ಮೊತ್ತದ ಮೇಲೆ ತೆರಿಗೆ ಬೀಳುವುದರಿಂದ ಮೆನುವಿನಲ್ಲಿ 100 ಎಂದಿದ್ದದ್ದು ಬಿಲ್ಲಿನಲ್ಲಿ ಸುಮಾರು 129 ಆಗುತ್ತದೆ.

ಹಾಫ್ ಬೋರ್ಡಿನಲ್ಲಿ ಡಿನ್ನರ್ ಜೊತೆ ಕುಡಿಯುವ ನೀರಿನ ಬಾಟಲಿಯೂ ಸೇರಿರುವುದಿಲ್ಲ ಎಂಬುದು ನನಗೆ ಮೊದಲು ತಿಳಿದಾಗ ನಂಬಲಾಗಲಿಲ್ಲ. ರೂಮಿನಲ್ಲಿಡುವ ಬಾಟಲಿಗಳು ಉಚಿತ, ಮೇಜಿನ ಮೇಲಿನವಕ್ಕೆ ಬಿಲ್. ಎರಡನೆಯ ಪತ್ರದಲ್ಲಿ ‘ಮೂರು ಹೊತ್ತೂ ಮುಖ್ಯ ರೆಸ್ಟೋರೆಂಟಿನಲ್ಲಿ ಬಫೆ, ಊಟದ ಜೊತೆ ನೀರು ಸೇರಿದೆ, ಬೇರೆ ಪಾನೀಯ ಸೇರಿಲ್ಲ’ ಎಂದು ಬಿಡಿಸಿ ಬರೆದಿದ್ದರು. ಮೊದಲ ಏಜೆನ್ಸಿಯ ಹುಡುಗ ಫೋನಿನಲ್ಲಿ ‘ಆಲ್ ಇನ್‌ಕ್ಲೂಸಿವ್ ಥರಾನೇ’ ಎಂದಿದ್ದ. ಫೋನಿನ ಮಾತಿಗೆ ರಿಸೆಪ್ಶನ್ನಿನಲ್ಲಿ ಬೆಲೆಯಿಲ್ಲ, ಅಲ್ಲಿ ನೋಡುವುದು ವೋಚರ್ ಮಾತ್ರ.

ಲೆಕ್ಕ ಹೀಗೆ ಬಿತ್ತು. ಮೊದಲ ಪತ್ರದ 100ಕ್ಕೆ ನಿಲ್ದಾಣದ ಹತ್ತಿರದ ಹೋಟೆಲಿಗೆ 5 ಸೇರಿತು. ಮೂರು ಮಧ್ಯಾಹ್ನ ಇಬ್ಬರ ಊಟಕ್ಕೆ ತೆರಿಗೆಯೂ ಸೇರಿ 14. ತಲೆಗೆ, ರಾತ್ರಿಗೆ ಇಷ್ಟು ಎಂದು ಸರ್ಕಾರ ವಸೂಲು ಮಾಡುವ ಗ್ರೀನ್ ಟ್ಯಾಕ್ಸ್‌ಗೆ 4, ಊಟದ ಮೇಜಿನ ನೀರು, ಪಾನೀಯಕ್ಕೆ 3. ಒಟ್ಟು 126, ಅದೂ ರೆಸಾರ್ಟಿನಲ್ಲಿ 3 ರಾತ್ರಿ ಮಾತ್ರ ಮಲಗಿ. ಎರಡನೆಯದು 124ಕ್ಕೆ 4 ರಾತ್ರಿಯನ್ನೂ ಕೊಡುತ್ತಿತ್ತು. ನಮ್ಮ ಮಟ್ಟಿಗೆ ಚರ್ಚೆ ಅಲ್ಲಿಗೆ ಮುಗಿಯಿತು.

ತಮ್ಮನ ಮಟ್ಟಿಗೆ ಮಾತ್ರ ಅದು ತಲೆಕೆಳಗಾಯಿತು. ಅವನ ವಿಮಾನ ಇಳಿದದ್ದು ಬೆಳಿಗ್ಗೆ 10ಕ್ಕೆ. ಮಧ್ಯಾಹ್ನದ ಹೊತ್ತಿಗೆ ಸೀಪ್ಲೇನ್ ಹತ್ತಿ ಚೆಕ್‌ಇನ್ ಸಮಯವಾದ 2ಕ್ಕೆ ಸರಿಯಾಗಿ ರೂಮಿನಲ್ಲಿದ್ದ. ಮೇಲಿಂದ ಹವಳದ ಉಂಗುರಗಳನ್ನು ನೋಡಿದ್ದನ್ನು ಅವನು ಇವತ್ತಿಗೂ ಹೇಳುತ್ತಾನೆ, ಆ ಭಾಗ್ಯ ನಮಗೆ ಸಿಗಲಿಲ್ಲ. ಅವನೂ ಅವನ ಹೆಂಡತಿಯೂ ತಡವಾಗಿ ಎದ್ದು ಭರ್ತಿ ತಿಂಡಿ ತಿನ್ನುವವರು, ಮಧ್ಯಾಹ್ನ ಏನಾದರೂ ಹಗುರವಾಗಿ ಹಂಚಿಕೊಂಡರೆ ಮುಗಿಯಿತು. ಅವರ ಊಟದ ಹೆಚ್ಚುವರಿ 5 ದಾಟಲಿಲ್ಲ. ಗ್ರೀನ್ ಟ್ಯಾಕ್ಸ್ 4, ನೀರು ಪಾನೀಯ 3 ಸೇರಿ ಅವರಿಗೆ ಒಟ್ಟು ಬಿದ್ದದ್ದು 112. ಎರಡನೆಯ ಪತ್ರವನ್ನು ತೆಗೆದುಕೊಂಡಿದ್ದರೆ ತಿನ್ನದ ಊಟಕ್ಕೆ 12 ಹೆಚ್ಚು ಕೊಡುತ್ತಿದ್ದರು. ಹಾಗಾಗಿ ಕಡಿಮೆ ದರದ ಪತ್ರ ಕೆಟ್ಟದ್ದು ಎಂದು ನಾನು ಹೇಳಲಾರೆ. ಬೆಳಿಗ್ಗೆ ಇಳಿಯುವವರಿಗೆ, ಮಧ್ಯಾಹ್ನ ಉಣ್ಣದವರಿಗೆ ಅದೇ ಸರಿ.

ರೂಮಿನ ವಿಷಯದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಮೊದಲ ಪತ್ರದಲ್ಲಿ ‘ವಾಟರ್ ವಿಲ್ಲಾ, ಲಭ್ಯತೆಯ ಮೇಲೆ’ ಎಂದಿತ್ತು. ಎರಡನೆಯದರಲ್ಲಿ ಸೂರ್ಯಾಸ್ತದ ದಿಕ್ಕಿನದು, ಕೊಳವಿಲ್ಲದ್ದು, ಒಂದೇ ದೊಡ್ಡ ಹಾಸಿಗೆಯದು ಎಂದು ವರ್ಗದ ಹೆಸರನ್ನು ರೆಸಾರ್ಟಿನ ವೆಬ್‌ಸೈಟಿನಲ್ಲಿರುವಂತೆಯೇ ಬರೆದಿದ್ದರು. ತಮ್ಮನಿಗೂ ಒಳ್ಳೆಯ ವಿಲ್ಲಾವೇ ಸಿಕ್ಕಿತು, ಸೂರ್ಯೋದಯದ ಕಡೆಯದು.

ಹಿಂದಿರುಗುವ ದಿನದ ಟ್ರಾನ್ಸ್‌ಫರ್ ಬಗ್ಗೆ ಎರಡೂ ಪತ್ರಗಳು ಕಡಿಮೆ ಹೇಳಿದ್ದವು, ಇದು ಇಬ್ಬರಲ್ಲೂ ನಾನು ಕಂಡ ಕೊರತೆ. ಸೀಪ್ಲೇನ್ ಹೊರಡುವ ಗಂಟೆಯನ್ನು ಹಿಂದಿನ ಸಂಜೆಯಷ್ಟೇ ತಿಳಿಸುತ್ತಾರೆ. ಅಂತರರಾಷ್ಟ್ರೀಯ ವಿಮಾನಕ್ಕೆ 3 ಗಂಟೆ ಮುಂಚೆ ತಲುಪಿಸುವ ಹಾಗೆ ಅವರೇ ಹೊಂದಿಸುತ್ತಾರೆ. ವಾಪಸು ವಿಮಾನ ಬೆಳಿಗ್ಗೆ 8ಕ್ಕಿದ್ದರೆ ಕತ್ತಲಲ್ಲೇ ಹೊರಡಬೇಕು, ಅಂದರೆ ಸೀಪ್ಲೇನ್ ಆಗುವುದಿಲ್ಲ, ಕೊನೆಯ ರಾತ್ರಿಯೂ ನಿಲ್ದಾಣದ ಬಳಿಯೇ. ನಮ್ಮಿಬ್ಬರ ವಿಮಾನಗಳೂ ಮಧ್ಯಾಹ್ನ ಇದ್ದುದರಿಂದ ತೊಂದರೆಯಾಗಲಿಲ್ಲ. ನಮಗೆ ಬರುವಾಗ ಸೀಪ್ಲೇನ್ ಕೊಡಿ ಎಂದು ಕೇಳಿದ್ದಕ್ಕೆ, ಹೋಗಿಬರುವುದು ಒಂದೇ ಬಗೆಯಲ್ಲಿರಬೇಕು ಎಂದರು.

ಕ್ಯಾನ್ಸಲೇಶನ್ ಬಗ್ಗೆ ಮೊದಲ ಪತ್ರದಲ್ಲಿ ‘ರೆಸಾರ್ಟ್ ನಿಯಮದಂತೆ’ ಎಂದಿತ್ತು. ಎರಡನೆಯದರಲ್ಲಿ ಎಷ್ಟು ದಿನ ಮುಂಚೆ ರದ್ದು ಮಾಡಿದರೆ ಎಷ್ಟು ಕಡಿತ ಎಂದು ತಾರೀಕು ಹಾಕಿ ಕೊಟ್ಟಿದ್ದರು. ಪತ್ರ ಯಾವುದೇ ಇರಲಿ, ಅದು ಆಫರ್ ಅಷ್ಟೇ, ಬುಕಿಂಗ್ ಅಲ್ಲ. ಮುಂಗಡ ಕಟ್ಟಿದ ಮೇಲೆ ರೆಸಾರ್ಟಿನ ಕನ್‌ಫರ್ಮೇಶನ್ ನಂಬರ್ ಕೇಳಿ ಪಡೆದೆವು. ಅದನ್ನು ಹಾಕಿ ರೆಸಾರ್ಟಿಗೇ ನೇರ ಮೇಲ್ ಬರೆದು, ರೂಮಿನ ವರ್ಗ, ಊಟದ ಪ್ಲಾನ್, ಎಷ್ಟು ರಾತ್ರಿ, ಯಾವ ಟ್ರಾನ್ಸ್‌ಫರ್, ಹನಿಮೂನ್ ಸವಲತ್ತು ದಾಖಲಾಗಿದೆಯೇ ಎಂದು ಕೇಳಿದೆವು. ಒಂದೇ ದಿನದಲ್ಲಿ ಉತ್ತರ ಬಂತು. ತಮ್ಮನಿಗೂ ಹಾಗೇ ಬರೆಯಲು ಹೇಳಿದ್ದೆ. ಅವನ ಉತ್ತರದಲ್ಲಿ ಹನಿಮೂನ್ ಸವಲತ್ತಿನ ಜಾಗ ಖಾಲಿಯಿತ್ತು, ಏಕೆಂದರೆ ಏಜೆನ್ಸಿಯವರು ವಿವಾಹ ಪ್ರಮಾಣಪತ್ರವನ್ನು ಮುಂದಕ್ಕೆ ಕಳಿಸಿರಲಿಲ್ಲ. ಹೊರಡಲು ಇನ್ನೂ ಸಮಯವಿದ್ದುದರಿಂದ ಅವನೇ ಕಳಿಸಿದ, ಅವರು ಸೇರಿಸಿಕೊಂಡರು.