ಟೂಲ್‌ಬಾಕ್ಸ್‌ಗೆ ಫಿಂಗರ್ ಜಾಯಿಂಟ್: ದುಡ್ಡು ಕೊಟ್ಟು ತಂದ ಜಿಗ್, ಪ್ಲೈವುಡ್ ತುಂಡಿನ ಜಿಗ್ ಮತ್ತು ನನ್ನ ಸ್ಲೆಡ್

ಮೊದಲೇ ಹೇಳಿಬಿಡುತ್ತೇನೆ. ಈ ಮೂರರಲ್ಲಿ ನನ್ನ ಓಟು ಸ್ಲೆಡ್‌ಗೆ, ಅಂದರೆ ಹಲಗೆಯನ್ನು ಹೊತ್ತು ಟೇಬಲ್ ಸಾ ಮೇಲೆ ಜಾರುವ ಪ್ಲೈವುಡ್ ತಳಕ್ಕೆ. ಅದಕ್ಕೆ ಖರ್ಚಾಗಿದ್ದು ಉಳಿದಿದ್ದ ಪ್ಲೈವುಡ್, ಎರಡು ಬೋಲ್ಟ್, ಒಂದು ಸ್ಕ್ರೂ. ಕೊಂಡು ತಂದ ಅಲ್ಯೂಮಿನಿಯಂ ಜಿಗ್ ನೋಡಲು ಬಲು ಚೆಂದ, ಆದರೆ ನನ್ನ ಟೇಬಲ್ ಸಾ ಮೇಲೆ ಅದು ಕೈಕೊಟ್ಟಿತು. ಕಾರಣ ಜಿಗ್‌ನ ಒಳಗಿರಲಿಲ್ಲ, ಅದರ ಕೆಳಗಿತ್ತು. ಅದನ್ನೇ ಸ್ವಲ್ಪ ವಿವರವಾಗಿ ಹೇಳಬೇಕು ಅನ್ನಿಸಿತು.

ಮೂರೂ ಕೆಲಸ ಮಾಡುವ ರೀತಿ ಒಂದೇ. ಬ್ಲೇಡ್ ಪಕ್ಕದಲ್ಲಿ ಒಂದು ಚಿಕ್ಕ ಪಿನ್ ಇರುತ್ತದೆ. ಹಲಗೆಯ ಅಂಚನ್ನು ಪಿನ್‌ಗೆ ಒತ್ತಿ ಹಿಡಿದು ಒಂದು ಕಚ್ಚು ಕೊಯ್ಯುವುದು. ಆ ಕಚ್ಚನ್ನು ಪಿನ್ ಮೇಲೆ ಕೂರಿಸಿ ಮುಂದಿನ ಕಚ್ಚು ಕೊಯ್ಯುವುದು. ಹೀಗೇ ಕೊನೆಯವರೆಗೆ. ಕಚ್ಚುಗಳ ನಡುವೆ ಉಳಿಯುವುದೇ ಬೆರಳು, ಒಂದು ಹಲಗೆಯ ಬೆರಳು ಇನ್ನೊಂದರ ಕಚ್ಚಿನಲ್ಲಿ ಕೂತರೆ ಅದೇ ಫಿಂಗರ್ ಜಾಯಿಂಟ್. ಕಚ್ಚಿನ ಅಗಲ ಎಂದರೆ ಬ್ಲೇಡ್‌ನ ಅಗಲ. ಬೆರಳಿನ ಅಗಲ ಎಂದರೆ ಪಿನ್‌ಗೂ ಬ್ಲೇಡ್‌ಗೂ ನಡುವಿನ ಸಂದು. ಈ ಎರಡು ಅಳತೆ ಹೊಂದಿದರೆ ಜಾಯಿಂಟ್ ಕೂರುತ್ತದೆ, ಇಲ್ಲದಿದ್ದರೆ ಇಲ್ಲ.

ನಾನು ಮಾಡಿದ ಪೆಟ್ಟಿಗೆಯ ಹಲಗೆ 12 ಮಿ.ಮೀ. ದಪ್ಪ. ಅಗಲದ ಕಚ್ಚಿಗೆ ಬ್ಲೇಡ್‌ಗಳನ್ನು ಜೋಡಿಸಿ ಹಾಕುವ ಡೇಡೋ ಸೆಟ್‌ನ ಹೊರಗಿನ ಎರಡು ಬ್ಲೇಡ್ ಮಾತ್ರ ಹಾಕಿದರೆ 6.35 ಮಿ.ಮೀ. ಕಚ್ಚು ಬರುತ್ತದೆ. ಒಂದು ಮೂಲೆಗೆ 23 ಬೆರಳು ಅಂತ ಲೆಕ್ಕ ಹಾಕಿದೆ. ಬೆಸ ಸಂಖ್ಯೆ ಆದರೆ ಮೇಲೂ ಕೆಳಗೂ ಒಂದೇ ಹಲಗೆಯ ಬೆರಳು ಬಂದು ಕೊನೆಗೊಳ್ಳುತ್ತದೆ, ನೋಡಲು ಸರಿ ಕಾಣುತ್ತದೆ. ಎತ್ತರ ಸುಮಾರು 146 ಮಿ.ಮೀ. ಆಗುತ್ತದೆ. ಆದರೆ ಹಲಗೆಯನ್ನು ಮೊದಲೇ ಆ ಅಳತೆಗೆ ಕೊಯ್ದಿಡಬೇಡಿ. ಅದು ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ.

ಮೊದಲು ಸುಲಭದ್ದು. ಮೇಜಿನ ತೋಡಿನಲ್ಲಿ ಜಾರುತ್ತಾ ಹಲಗೆಯನ್ನು ಬ್ಲೇಡ್‌ಗೆ ತಳ್ಳುವ ಮೈಟರ್ ಗೇಜ್‌ಗೆ ಒಂದು ಪ್ಲೈವುಡ್ ಪಟ್ಟಿ ಸ್ಕ್ರೂ ಮಾಡಿ, ಅದರಲ್ಲಿ ಒಂದು ಕಚ್ಚು ಕೊಯ್ದು, ಗಟ್ಟಿ ಮರದ ಪಿನ್ ಅಂಟಿಸುವುದು. ಅದೇ ಪಿನ್‌ನ ಇನ್ನೊಂದು ತುಂಡನ್ನು ಪಿನ್‌ಗೂ ಬ್ಲೇಡ್‌ಗೂ ನಡುವೆ ಇಟ್ಟು, ಪಟ್ಟಿಯನ್ನು ಸರಿಸಿ ಮತ್ತೆ ಸ್ಕ್ರೂ ಹಾಕಿದರೆ ಆಯಿತು. ಅರ್ಧ ಗಂಟೆಯ ಕೆಲಸ. ತೊಂದರೆ ಬರುವುದು ಬಿಗಿ ಸರಿಮಾಡುವಾಗ. ಕೂದಲೆಳೆಯಷ್ಟು ಸರಿಸಬೇಕು ಅಂತ ಸ್ಕ್ರೂ ಬಿಚ್ಚಿದರೆ, ಮತ್ತೆ ಹಾಕುವಾಗ ಅದು ಹಳೇ ತೂತಿಗೇ ಹೋಗಿ ಕೂರುತ್ತದೆ.

ಆ ಕಿರಿಕಿರಿ ತಪ್ಪಲಿ ಅಂತಲೇ ಅಲ್ಯೂಮಿನಿಯಂ ಜಿಗ್ ತಂದಿದ್ದು. ಅದೂ ಮೈಟರ್ ಗೇಜ್ ಮೇಲೇ ಕೂರುತ್ತದೆ. ಅದರ ಪಿನ್ ಎರಡು ಹೋಳು. ಒಂದು ತಿರುಪು ತಿರುಗಿಸಿದರೆ ಪಿನ್ ಅಗಲವಾಗುತ್ತದೆ, ಇನ್ನೊಂದು ತಿರುಗಿಸಿದರೆ ಪಿನ್ ಬ್ಲೇಡ್‌ನಿಂದ ದೂರ ಸರಿಯುತ್ತದೆ. ಬೇರೆ ಬೇರೆ ಅಗಲದ ಬೆರಳಿಗೆ ಬೇರೆ ಬೇರೆ ಪಟ್ಟಿ ಬೇಕಿಲ್ಲ. ಇದೆಲ್ಲ ನಿಜವಾಗಿಯೂ ಚೆನ್ನಾಗಿದೆ.

ಆದರೂ ಜಾಯಿಂಟ್ ಕೂರಲಿಲ್ಲ. ಕೆಲವು ಬೆರಳು ಸಲೀಸಾಗಿ ಹೋದವು, ಪಕ್ಕದವು ಕೊಡತಿ ಏಟಿಗೂ ಜಗ್ಗಲಿಲ್ಲ. ಸಂದು ಸ್ವಲ್ಪ ಕಡಿಮೆ ಮಾಡಿದರೆ ಬಿಗಿ ಇದ್ದವು ಸರಿಹೋದವು, ಸಡಿಲ ಇದ್ದವು ಇನ್ನೂ ಸಡಿಲವಾದವು. ಆಗ ವರ್ನಿಯರ್ ತಂದು ಒಂದೊಂದೇ ಬೆರಳು ಅಳೆದೆ. 6.2, 6.5, 6.3, 6.5. ಈ ಸಂಖ್ಯೆಗಳು ಸಾಕು, ರೋಗ ಯಾವುದು ಅಂತ ಹೇಳಲು. ಎಲ್ಲಾ ಬೆರಳೂ ಒಂದೇ ರೀತಿ 6.5 ಬಂದಿದ್ದರೆ ಸಂದು ದೊಡ್ಡದಿದೆ ಅಷ್ಟೇ, ತಿರುಪಿನಲ್ಲಿ ಸರಿಯಾಗುತ್ತದೆ. ಒಂದೊಂದು ಒಂದೊಂದು ಥರ ಬಂದರೆ ಏನೋ ಅಲುಗುತ್ತಿದೆ ಎಂದರ್ಥ. ಅದನ್ನು ಯಾವ ತಿರುಪೂ ಸರಿಮಾಡಲಾರದು.

ಅಲುಗುತ್ತಿದ್ದದ್ದು ಮೈಟರ್ ಗೇಜ್‌ನ ಪಟ್ಟಿ. ಮೇಜಿನ ತೋಡಿನಲ್ಲಿ ಅದು ಜಾರಬೇಕಾದರೆ ಸ್ವಲ್ಪ ಜಾಗ ಬೇಕೇ ಬೇಕು. ಆ ಸ್ವಲ್ಪ ಜಾಗದಲ್ಲಿ ಅದು ಎಡಕ್ಕೂ ಬಲಕ್ಕೂ ವಾಲುತ್ತದೆ. ಪಿನ್ ಇರುವುದು ಗೇಜ್ ಮೇಲೆ, ಬ್ಲೇಡ್ ಇರುವುದು ಮೆಷಿನ್‌ನಲ್ಲಿ. ಗೇಜ್ ವಾಲಿದರೆ ಪಿನ್‌ಗೂ ಬ್ಲೇಡ್‌ಗೂ ನಡುವಿನ ಸಂದೇ ಬದಲಾಗುತ್ತದೆ. ಮಾಮೂಲಿ ಅಡ್ಡ ಕೊಯ್ತಕ್ಕೆ ಇದು ಲೆಕ್ಕಕ್ಕೇ ಬರುವುದಿಲ್ಲ. ಒಂದು ಅಂಚಿನಲ್ಲಿ ಹನ್ನೊಂದು ಹನ್ನೆರಡು ಕಚ್ಚು ಬೀಳುವ ಕಡೆ ಎಲ್ಲವೂ ಕಣ್ಣಿಗೆ ಹೊಡೆಯುತ್ತದೆ.

ನಿಮ್ಮ ಮೆಷಿನ್‌ನಲ್ಲಿ ಹೀಗಿದೆಯಾ ಅಂತ ನೋಡಲು ಸುಲಭದ ದಾರಿ ಇದೆ. ಒಂದು ವೇಸ್ಟ್ ತುಂಡನ್ನು ಜಿಗ್‌ಗೆ ಕ್ಲ್ಯಾಂಪ್ ಮಾಡಿ, ಗೇಜನ್ನು ಎಡಕ್ಕೆ ಒತ್ತಿಕೊಂಡು ಒಂದು ಕಚ್ಚು ಕೊಯ್ಯಿರಿ. ಮೆಷಿನ್ ನಿಲ್ಲಿಸಿ, ಗೇಜನ್ನು ಹಿಂದಕ್ಕೆ ತನ್ನಿ. ತುಂಡನ್ನು ಮುಟ್ಟದೆ, ಈ ಸಲ ಬಲಕ್ಕೆ ಒತ್ತಿಕೊಂಡು ಅದೇ ಕಚ್ಚಿನಲ್ಲಿ ಮತ್ತೆ ಓಡಿಸಿ. ಬ್ಲೇಡ್ ಮತ್ತೆ ಮರ ಕೆರೆದು ಪುಡಿ ಹಾರಿಸಿದರೆ ಆಟ ಇದೆ. ಕಚ್ಚು ಎಷ್ಟು ಅಗಲವಾಯಿತೋ ಅಷ್ಟೇ ಆಟ. ನನ್ನದರಲ್ಲಿ ಸುಮಾರು 0.3 ಮಿ.ಮೀ. ಬಂತು. ಬೆರಳಿಗೆ 0.05 ಆಚೀಚೆ ಆದರೂ ಬಿಗಿ ಬದಲಾಗುವ ಕೆಲಸದಲ್ಲಿ 0.3 ಅಂದರೆ ಏನು ಕೇಳುತ್ತೀರಿ!

ಇದಕ್ಕೆ ಪುಕ್ಕಟೆ ಪರಿಹಾರವೂ ಇದೆ. ಗೇಜ್ ಪಟ್ಟಿಯ ಅಂಚಿನ ಹತ್ತಿರ ಸೆಂಟರ್ ಪಂಚ್‌ನಿಂದ ಅಲ್ಲಲ್ಲಿ ಗುಳಿ ಹೊಡೆದರೆ ಲೋಹ ಸ್ವಲ್ಪ ಉಬ್ಬುತ್ತದೆ, ತೋಡಿನಲ್ಲಿ ಬಿಗಿಯಾಗಿ ಕೂರುತ್ತದೆ. ಕೆಲಸ ಮಾಡುತ್ತದೆ, ಆದರೆ ಸವೆಯುತ್ತದೆ, ಆಗ ಮತ್ತೆ ಹೊಡೆಯಬೇಕು. ಅದನ್ನು ನಂಬಿಕೊಂಡು ಕೂರುವುದು ನನಗೆ ಒಗ್ಗಲಿಲ್ಲ.

ಸ್ಲೆಡ್‌ನಲ್ಲಿ ಈ ಸಮಸ್ಯೆ ಹೆಚ್ಚುಕಮ್ಮಿ ಹೋಗುತ್ತದೆ. 12 ಮಿ.ಮೀ. ಪ್ಲೈವುಡ್ ತಳದ ಕೆಳಗೆ ಗಟ್ಟಿ ಮರದ ಎರಡು ರನ್ನರ್, ಬ್ಲೇಡ್‌ನ ಎರಡೂ ಬದಿಯ ತೋಡಿಗೆ ಒಂದೊಂದು. ಅಂಟಿಸುವಾಗ ಒಂದನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ತೋಡಿನ ಗೋಡೆಗೆ ತಾಗುವಂತೆ ಇಟ್ಟರೆ ವಾಲಲು ಜಾಗವೇ ಉಳಿಯುವುದಿಲ್ಲ. ಬಿಗಿಯಾಗಿದ್ದರೆ ಕಪ್ಪಾಗಿ ಹೊಳೆಯುವ ಜಾಗವನ್ನಷ್ಟೇ ಕೆರೆದು ಮೇಣ ಹಚ್ಚಿ. ತಳದ ಮೇಲೆ ಬ್ಲೇಡ್‌ಗೆ ನೇರ 90 ಡಿಗ್ರಿಗೆ 18 ಮಿ.ಮೀ. ಪ್ಲೈವುಡ್ ಫೆನ್ಸ್. ಫೆನ್ಸ್ ಮುಂದೆ ಇನ್ನೊಂದು ಪ್ಲೈವುಡ್ ಹಲಗೆ, ಅದರಲ್ಲಿ ಪಿನ್. ಈ ಹಲಗೆ ಎರಡು ಉದ್ದ ತೂತಿನ ಬೋಲ್ಟ್ ಮೇಲೆ ಆಚೀಚೆ ಸರಿಯುತ್ತದೆ. ಫೆನ್ಸ್‌ನ ತುದಿಯಲ್ಲಿ ಒಂದು ಎಂ6 ಸ್ಕ್ರೂ, ಅದರ ಮೂತಿ ಸರಿಯುವ ಹಲಗೆಗೆ ತಾಗಿರುತ್ತದೆ.

ಈ ಸ್ಕ್ರೂನಲ್ಲೇ ಇರುವುದು ಮಜಾ. ಎಂ6 ಸ್ಕ್ರೂ ಒಂದು ಸುತ್ತಿಗೆ ಸರಿಯಾಗಿ 1 ಮಿ.ಮೀ. ಮುಂದೆ ಹೋಗುತ್ತದೆ. ಕಾಲು ಸುತ್ತಿಗೆ 0.25. ದುಡ್ಡು ಕೊಟ್ಟು ತಂದ ಜಿಗ್‌ನ ತಿರುಪಿನಷ್ಟೇ ನಿಖರ. ವೇಸ್ಟ್ ತುಂಡಿನಲ್ಲಿ ಕೊಯ್ದು ಅಳೆದಾಗ ಕಚ್ಚು 6.35, ಬೆರಳು 6.55 ಬಂತು ಅಂದುಕೊಳ್ಳಿ. 0.2 ಜಾಸ್ತಿ, ಒಳಗೆ ಹೋಗುವುದೇ ಇಲ್ಲ. ಬೋಲ್ಟ್ ಸಡಿಲಿಸಿ, ಪಿನ್ ಬ್ಲೇಡ್ ಕಡೆಗೆ ಸರಿಯುವಂತೆ ಸ್ಕ್ರೂ ಕಾಲು ಸುತ್ತು ತಿರುಗಿಸಿದರೆ ಬೆರಳು 6.30 ಆಗುತ್ತದೆ. 0.05 ಬಿಡುವು ಬೇಕು. ಬಿಳಿ ಅಂಟಿನಲ್ಲಿ ನೀರಿದೆ, ತಾಗಿದ ಕೂಡಲೇ ಬೆರಳು ಉಬ್ಬುತ್ತದೆ. ಒಣಗಿದ್ದಾಗ ಕೊಡತಿಯಿಂದ ಬಡಿದು ಕೂರಿಸಬೇಕಾದ ಜಾಯಿಂಟ್ ಅಂಟು ಹಚ್ಚಿದ ಮೇಲೆ ಅರ್ಧಕ್ಕೆ ನಿಲ್ಲುತ್ತದೆ. ಕೈಯಲ್ಲಿ ಒತ್ತಿದರೆ ಹೋಗಬೇಕು, ಕೊನೆಗೆ ಒಂದೆರಡು ಮೆಲ್ಲನೆ ಏಟು ಸಾಕಾಗಬೇಕು.

ಈಗ ಎತ್ತರದ ವಿಷಯ. 6.30ರ 12 ಬೆರಳು, 6.35ರ 11 ಕಚ್ಚು, ಕೂಡಿದರೆ 145.45 ಮಿ.ಮೀ. ಮೊದಲು ಅಂದುಕೊಂಡದ್ದಕ್ಕಿಂತ ಅರ್ಧ ಮಿಲಿಮೀಟರ್ ಕಡಿಮೆ. ಇದರಿಂದ ಜಾಯಿಂಟ್‌ಗೆ ಏನೂ ಆಗುವುದಿಲ್ಲ, ಯಾಕೆಂದರೆ ಎರಡೂ ಹಲಗೆ ಅದೇ ಹೆಜ್ಜೆಯಲ್ಲೇ ಮುಂದೆ ಸರಿದಿರುತ್ತವೆ. ಹಲಗೆಯನ್ನು ಹತ್ತು ಮಿಲಿಮೀಟರ್ ಜಾಸ್ತಿ ಅಗಲ ಇಟ್ಟುಕೊಂಡು, ಬೆರಳೆಲ್ಲ ಕೊಯ್ದ ಮೇಲೆ ಕೊನೆಯ ಪೂರ್ತಿ ಬೆರಳಿನ ಗೆರೆಗೆ ಸೀಳಿದರೆ ಸರಿ.

ಪಿನ್ ಬಗ್ಗೆ ಒಂದು ಮಾತು. ಪಿನ್ ಕಚ್ಚಿಗಿಂತ ಕೂದಲೆಳೆ ಸಣ್ಣ ಇದ್ದರೂ ನಡೆಯುತ್ತದೆ. ಆದರೆ ಹಲಗೆಯನ್ನು ಪ್ರತಿ ಸಲ ಒಂದೇ ದಿಕ್ಕಿಗೆ, ಪಿನ್ ಕಡೆಗೇ ಒತ್ತಬೇಕು. ಹಾಗೆ ಒತ್ತಿದರೆ ಬೆರಳಿನ ಅಳತೆಗೆ ಪಿನ್ ಅಗಲದ ಹಂಗೇ ಇರುವುದಿಲ್ಲ. ಅಲ್ಯೂಮಿನಿಯಂ ಜಿಗ್‌ನ ಎರಡು ಹೋಳಿನ ಪಿನ್ ಇಲ್ಲಿ ಸುಮ್ನೆ ಆಡಂಬರ ಅನ್ನಿಸಿದ್ದು ಅದಕ್ಕೇ.

ಕೊಯ್ಯುವ ಕ್ರಮ ಮೂರಕ್ಕೂ ಒಂದೇ. ಎದುರುಬದುರು ಬರುವ ಎರಡು ಉದ್ದ ಹಲಗೆಗಳನ್ನು ಒಟ್ಟಿಗೆ ಹಿಡಿದು, ಮೇಲಿನ ಅಂಚಿಗೆ ಗುರುತು ಹಾಕಿ, ಆ ಅಂಚನ್ನೇ ಪಿನ್‌ಗೆ ತಾಗಿಸಿ ಶುರುಮಾಡಿ. ಅಡ್ಡ ಹಲಗೆಗಳಿಗೆ ಮೊದಲು ಬೇಕಾದದ್ದು ಬೆರಳಲ್ಲ, ಕಚ್ಚು. ಅದಕ್ಕೆ ಕೊಯ್ದ ಹಲಗೆಯನ್ನು ತಿರುಗಿಸಿ ಅದರ ಮೊದಲ ಕಚ್ಚನ್ನು ಪಿನ್ ಮೇಲೆ ಕೂರಿಸಿ. ಅದರ ಅಂಚಿಗೆ ಅಡ್ಡ ಹಲಗೆ ಒತ್ತಿ ಹಿಡಿದು ಮೊದಲ ಕಚ್ಚು ಕೊಯ್ಯಿರಿ. ಒಂದೊಂದೇ ಹಲಗೆ ಕೊಯ್ದರೆ ಇಡೀ ಪೆಟ್ಟಿಗೆಗೆ 92 ಸಲ ತಳ್ಳಬೇಕು, ಜೋಡಿಯಾಗಿ ಹಿಡಿದರೆ 46. ಬ್ಲೇಡ್ ಎತ್ತರ 12.3 ಇಟ್ಟರೆ ಬೆರಳು ಸ್ವಲ್ಪ ಹೊರಗೆ ಚಾಚುತ್ತದೆ, ಆಮೇಲೆ ಕೀಸುಳಿಯಲ್ಲಿ ಸಮ ಮಾಡಬಹುದು.

ಹಿಂಬದಿಯಲ್ಲಿ ಸಿಬಿರು ಏಳುವುದರಲ್ಲಿ ಮೂರೂ ಒಂದೇ. ಪಿನ್ ಇರುವ ಹಲಗೆಯ ಕಚ್ಚು ಹಿಗ್ಗಿದರೆ ಸಿಬಿರು ಶುರು, ಆಗ ಹೊಸ ಹಲಗೆ ಹಾಕಬೇಕು.

ಸ್ಲೆಡ್‌ಗೆ ತೊಂದರೆ ಇಲ್ಲವೆಂದಲ್ಲ. ದೊಡ್ಡದು, ಇಡಲು ಜಾಗ ಬೇಕು. ತಳದ ದಪ್ಪ 12 ಮಿ.ಮೀ. ಬ್ಲೇಡ್ ಎತ್ತರದಲ್ಲಿ ಅಷ್ಟನ್ನು ತಿಂದುಬಿಡುತ್ತದೆ, ಚಿಕ್ಕ ಬ್ಲೇಡ್ ಇದ್ದವರು ಮೊದಲು ಲೆಕ್ಕ ಹಾಕಿ. ಇನ್ನೊಂದು, ಪ್ರತಿ ತಳ್ಳಿನ ಕೊನೆಗೆ ಬ್ಲೇಡ್ ಫೆನ್ಸ್ ಹಿಂದೆ ಕೈ ಇಡುವ ಜಾಗದಲ್ಲೇ ಹೊರಬರುತ್ತದೆ. ಅಲ್ಲಿ ಒಂದು ದಪ್ಪ ಮರದ ತುಂಡು ಅಂಟಿಸದೆ ಸ್ಲೆಡ್ ಬಳಸಲೇಬೇಡಿ. ಡೇಡೋ ಬ್ಲೇಡ್ ಹಾಕಲು ನಿಮ್ಮ ಮೆಷಿನ್‌ನ ಶಾಫ್ಟ್ ಗಿಡ್ಡವಾಗಿದ್ದರೆ, ಸಮತಟ್ಟಾದ ಹಲ್ಲಿನ ಒಂದೇ ಬ್ಲೇಡ್‌ನಲ್ಲಿ ಸುಮಾರು 3 ಮಿ.ಮೀ. ಬೆರಳು ಮಾಡಬಹುದು. ಓರೆ ಹಲ್ಲಿನ ಮಾಮೂಲಿ ಬ್ಲೇಡ್ ಕಚ್ಚಿನ ತಳದಲ್ಲಿ ಎರಡು ಮೂಲೆಗೂ ಗೀರು ಬಿಡುತ್ತದೆ, ಜಾಯಿಂಟ್‌ನ ಹೊರಗಿಂದ ಕಾಣುತ್ತದೆ.

ಒಂದೇ ಪೆಟ್ಟಿಗೆ ಮಾಡಿ ಬಿಡುವವರಿಗೆ ಗೇಜ್‌ಗೆ ಸ್ಕ್ರೂ ಮಾಡಿದ ಪಟ್ಟಿ ಸಾಕು. ಗೇಜನ್ನು ಯಾವಾಗಲೂ ಒಂದೇ ಬದಿಗೆ ಒತ್ತಿಕೊಂಡು ತಳ್ಳುವ ತಾಳ್ಮೆ ಇರಬೇಕು ಅಷ್ಟೇ. ನನಗೆ ಆ ತಾಳ್ಮೆ ಇಪ್ಪತ್ತನೇ ಕಚ್ಚಿನ ಹೊತ್ತಿಗೆ ಖಾಲಿಯಾಗುತ್ತದೆ. ಮೈಟರ್ ಗೇಜ್ ತೋಡಿನಲ್ಲಿ ನಿಜವಾಗಿ ಬಿಗಿಯಾಗಿದ್ದು, ಬೇರೆ ಬೇರೆ ಅಗಲದ ಬೆರಳು ದಿನಾ ಕೊಯ್ಯುವವರು ಅಲ್ಯೂಮಿನಿಯಂ ಜಿಗ್ ಕೊಳ್ಳಲಿ. ನಾನು ಮಾಡುವುದು ಒಂದೇ ಅಳತೆಯ ಬೆರಳು, ಅಪರೂಪಕ್ಕೆ. ಸ್ಕ್ರೂ ಒಮ್ಮೆ ಸರಿಮಾಡಿ ಬೋಲ್ಟ್ ಬಿಗಿದಿಟ್ಟ ಸ್ಲೆಡ್ ಮತ್ತೆ ತೆಗೆದಾಗ, ಒಂದು ವೇಸ್ಟ್ ತುಂಡು ಕೊಯ್ದು ನೋಡಿದರೆ ಸಾಕು, ಕೆಲಸ ಶುರು. ಕೊಂಡ ಜಿಗ್‌ನ ದುಡ್ಡಿಗೆ ಒಂದು ಒಳ್ಳೆಯ ಬ್ಲೇಡ್ ಬರುತ್ತಿತ್ತು.