ಲಾಠಿನಾ, ಟೇಸರಾ? ಎರಡನ್ನೂ ಮೈಮೇಲೆ ತಗೊಂಡು ನೋಡಿದ್ಮೇಲೆ

ಪುಣೆ ಹಡಪ್ಸರ್ ಕಡೆ ಸೆಕ್ಯುರಿಟಿ ಗಾರ್ಡ್‌ಗಳಿಗೆ ಟ್ರೇನಿಂಗ್ ಕೊಡೋದು ನನ್ನ ಕೆಲಸ. ವಿಜಯಪುರ, ಕಲಬುರ್ಗಿ ಕಡೆ ಹುಡುಗ್ರೇ ಜಾಸ್ತಿ ಬರ್ತಾರೆ, ಬಂದೋರೆಲ್ಲಾ "ಸರ್, ಲಾಠಿ ಯಾಕ್ರೀ, ಕರೆಂಟ್ ಗನ್ ಇದ್ರ ಪೆಟ್ಟ ಆಗಂಗಿಲ್ಲಲ್ಲ" ಅಂತಾರೆ. ಪ್ಯಾಡ್ ಕಟ್ಕೊಂಡು ಲಾಠಿ ಏಟು ತಿಂದಿದೀನಿ, ಬೆನ್ನಿಗೆ ಟೇಸರೂ ತಗೊಂಡಿದೀನಿ, ಅವ್ರು ಅಂದ್ಕೊಂಡಷ್ಟು ಸಲೀಸಿಲ್ಲ.

ಲಾಠಿ ಏಟು ಬೀಳಬೇಕಾದ್ದು ತೊಡೆಯ ಹೊರಮಗ್ಗುಲು, ಮೀನಖಂಡ, ಹೀಗೆ ದಪ್ಪ ಮಾಂಸ ಇರೋ ಕಡೆ. ಮಂಡಿಗಿಂತ ಸ್ವಲ್ಪ ಮೇಲೆ ಸರಿಯಾಗಿ ಬಿದ್ರೆ ಕಾಲು ಜೋಮು ಹಿಡಿದು ಕುಸಿಯುತ್ತೆ, ಪ್ಯಾಡ್ ಇದ್ರೂ ನಂಗೆ ಕಾಲು ಊರೋಕಾಗ್ಲಿಲ್ಲ. ತಲೆ, ಕುತ್ತಿಗೆ, ಬೆನ್ನುಮೂಳೆ, ಕಿಡ್ನಿ ಜಾಗಕ್ಕೆ ಹೊಡೀಲೇಬಾರದು, ಆದ್ರೆ ಎದುರಿನವನು ಬಗ್ಗಿದ ಅಂದ್ರೆ ತೊಡೆಗೆ ಬೀಸಿದ್ದು ತಲೆಗೇ ಬೀಳುತ್ತೆ. ತಲೆಗೆ ಬಿದ್ದೋನು ಎದ್ದು ಮಾತಾಡಿದ ಅಂತ ಮನೆಗೆ ಕಳಿಸ್ಬೇಡಿ, ಒಳಗೆ ರಕ್ತ ಸೋರ್ತಿದ್ರೆ ಕೆಲವು ಗಂಟೆ ಬಿಟ್ಟು ವಾಂತಿ, ಮಂಪರು ಶುರುವಾಗುತ್ತೆ. ಇನ್ನೊಂದು, ಜನಕ್ಕೆ ಗೊತ್ತೇ ಇಲ್ಲದ್ದು: ತೊಡೆಗೇ ಆದ್ರೂ ಮೇಲಿಂದ ಮೇಲೆ ಹೊಡೆದ್ರೆ ಮಾಂಸ ಒಡೆದು ಅದರ ಅಂಶ ರಕ್ತಕ್ಕೆ ಸೇರಿ ಕಿಡ್ನಿ ಕೈಕೊಡಬಹುದು. ಮೂತ್ರ ಕಪ್ಪು ಟೀ ಬಣ್ಣಕ್ಕೆ ಬಂತಂದ್ರೆ ತಕ್ಷಣ ಆಸ್ಪತ್ರೆ.

ಟೇಸರ್ ಬೇರೆನೇ ಕಥೆ. ತಂತಿ ಕಟ್ಟಿದ ಎರಡು ಮುಳ್ಳು ಹಾರಿ ಬಂದು ಚುಚ್ಕೊಳ್ತವೆ, 5 ಸೆಕೆಂಡ್ ಕರೆಂಟ್ ಪಲ್ಸ್ ಹರಿಯುತ್ತೆ, ಆ ಎರಡು ಮುಳ್ಳಿನ ನಡುವಿನ ಸ್ನಾಯು ಬಿಗಿಯುತ್ತೆ. ನೋವು ಒಂದ್ಕಡೆ ಇರ್ಲಿ, ಮೈ ನನ್ನ ಮಾತೇ ಕೇಳ್ಲಿಲ್ಲ, ನಿಂತ್ರೆ ಕೊರಡು ಬಿದ್ದಂಗೆ ಬೀಳೋದೇ ಅಂತ ಇಬ್ಬರು ನನ್ನ ತೋಳು ಹಿಡಿದು ಮ್ಯಾಟ್ ಮೇಲೆ ಇಳಿಸಿದ್ರು. ರಸ್ತೇಲಿ ಹಿಡಿಯೋರು ಯಾರು? ಕೈ ಊರೋಕಾಗದೆ ತಲೆ ನೇರ ಕಾಂಕ್ರೀಟ್‌ಗೆ ಹೊಡೆಯುತ್ತೆ, ಮೆಟ್ಟಿಲು, ನೀರಿನ ಹತ್ರ ಇದ್ರೆ ಇನ್ನೂ ಅಪಾಯ. ಎದೆಗೆ ಬಿದ್ರೆ ಅಪರೂಪಕ್ಕೆ ಹೃದಯದ ಲಯ ತಪ್ಪಬಹುದು, ಪದೇ ಪದೇ ಒತ್ತಿದ್ರೆ ರಿಸ್ಕ್ ಏರುತ್ತೆ, ಅದಕ್ಕೇ ಬೆನ್ನಿಗೆ ಗುರಿ ಇಡೋದು. ಪೆಟ್ರೋಲ್ ಚೆಲ್ಲಿರೋ ಕಡೆ ಕಿಡಿ ಸಾಕು, ಬೆಂಕಿ.

ಮೇಲಾಗಿ ಅದು ಯಾವಾಗ್ಲೂ ಕೆಲಸ ಮಾಡುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಮಾಮೂಲಿ ಕಾರ್ಟ್ರಿಜ್‌ನಲ್ಲಿ ಸುಮಾರು 2 ಮೀಟರ್ ದೂರಕ್ಕೆ ಮುಳ್ಳುಗಳು 30 ಸೆಂ.ಮೀ. ಅಂತರದಲ್ಲಿ ಬೀಳ್ತವೆ, ಆಗ ದೊಡ್ಡ ಸ್ನಾಯು ಬಿಗಿಯುತ್ತೆ. 1 ಮೀಟರಿಂದ ಹೊಡೆದ್ರೆ ಅಂತರ ಅರ್ಧ ಆಗಿ ಆಸಾಮಿ ಕೈ ಬೀಸ್ಕೊಂಡೇ ಮೈಮೇಲೆ ಬರಬಹುದು. ಡಿಸೆಂಬರ್ ಚಳೀಲಿ ದೊಗಳೆ ಜಾಕೆಟ್ ಹಾಕಿರೋನ ಮೇಲೆ ಒಂದು ಮುಳ್ಳು ಬಟ್ಟೇಲೇ ನೇತಾಡಿದ್ರೆ ಸರ್ಕ್ಯೂಟ್ ಆಗಲ್ಲ. ಕಿವಿಗೆ ಗೊತ್ತಾಗುತ್ತೆ: ಚಟಚಟ ಜೋರಾಗಿ ಕೇಳಿದ್ರೆ ಕರೆಂಟ್ ಗಾಳೀಲಿ ಹಾರ್ತಿದೆ ಅಂತ, ಮೈಗೆ ಸರಿಯಾಗಿ ಹರಿದ್ರೆ ಸದ್ದು ಕಮ್ಮಿ.

ಆನ್‌ಲೈನ್‌ನಲ್ಲಿ ಲಕ್ಷಗಟ್ಟಲೆ ವೋಲ್ಟ್ ಅಂತ ಬರೆದು ಮಾರೋ, ಮೈಗೆ ಒತ್ತೋ ಸ್ಟನ್ ಗನ್ ಬರೀ ನೋವು ಕೊಡುತ್ತೆ, ಕುಡಿದು ಕೆರಳಿದೋನು ನಿಲ್ಲಲ್ಲ, ಅದನ್ನ ಲೆಕ್ಕಕ್ಕೇ ತಗೋಬೇಡಿ.

ಗೇಟ್ ಡ್ಯೂಟಿಗೆ ನಾನು ಲಾಠಿನೇ ಅಂತೀನಿ, ಅಡ್ಡ ಹಿಡಿದು ದೂರ ತಳ್ಳಿದ್ರೇ ಮುಕ್ಕಾಲು ಜಗಳ ಮುಗಿಯುತ್ತೆ, ಏಟಿನ ಜೋರು ಎಷ್ಟು ಅನ್ನೋದೂ ಕೈಯಲ್ಲಿರುತ್ತೆ. ಚಾಕು ಹಿಡಿದೋನು ಎದುರಿದ್ದು, ಪೊಲೀಸರು ಇಬ್ಬರು ಮೂವರು ಇದ್ದು, ಬಿದ್ದ ತಕ್ಷಣ ಹಿಡಿಯೋಕೆ ರೆಡಿ ಇದ್ರೆ ಅಲ್ಲಿ ಟೇಸರ್ ಸರಿ, ಲಾಠಿ ಹಿಡ್ಕೊಂಡು ಚಾಕು ಹತ್ರ ಹೋಗೋದಕ್ಕಿಂತ ಎಷ್ಟೋ ವಾಸಿ.